‘ಹಿಡ್ಕಳ್ರಿ’ ಅಂದರೆ ಏನನ್ನು ಹಿಡಿಯಬೇಕು?

ಸೇತುಬಂಧಾಸನ ಮುಗಿಸಿ ಸೊಂಟ ಇಳಿಸಿದಾಗ ಅವ್ವನ ಮುಖ ಕೆಂಪಾಗಿತ್ತು. ಕತ್ತಿನ ನರ ಉಬ್ಬಿತ್ತು. ನಾನು ಪಕ್ಕದ ಚಾಪೆಯಲ್ಲಿ ಅದೇ ಆಸನದಲ್ಲಿದ್ದೆ. ಸೊಂಟ ಮೇಲಿದ್ದಾಗ ಕತ್ತು ತಿರುಗಿಸಬಾರದು ಎಂದು ಅವಳ ಕಡೆ ನೋಡಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಮೊಬೈಲ್‌ನಲ್ಲಿ ಯೋಗದ ಸರ್ ಇನ್ನೂ ಹೇಳುತ್ತಲೇ ಇದ್ದರು. ‘ಹಂಗೇ ಹಿಡ್ಕಳ್ರಿ... ಹಿಡ್ಕಳ್ರಿ...’

‘ತಲಿ ದಿಮ್ ಅನ್ನಾಕತ್ತೈತಿ’ ಎಂದಳು ಅವ್ವ.

‘ಉಸಿರಾಡಿದ್ಯೋ ಇಲ್ಲೋ?’

‘ಹಿಡ್ಕಳ್ರಿ ಅಂದ್ರಲ್ಲ, ಅದಕ್ಕ ಹಿಡ್ಕಂಡೆ.’

ಸರ್ ಹೇಳಿದ್ದು ಆಸನ ಹಿಡಿದುಕೊಳ್ಳಿ ಅಂತ. ಅವ್ವ ಹಿಡಿದದ್ದು ಉಸಿರನ್ನು. ಅದೂ ಬಿಪಿ ಇರುವವಳು, ಸೊಂಟ ಎತ್ತಿಕೊಂಡು. ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ ತಲೆ ಹಗುರಾಯಿತು. ಆದರೆ ನನಗೆ ಅವತ್ತು ಬಹಳ ಹೆದರಿಕೆಯಾಯಿತು. ಆ ವಿಡಿಯೊ ಹಾಕಿಕೊಂಡು ಮಾಡಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ. ಅದನ್ನು ಒಂದು ಹಾಳೆಗೆ ಇಳಿಸಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಬಳ್ಳಾರಿಯಲ್ಲಿ. ಮಾಳಿಗೆಗೆ ಹೋದರೆ ಕೋಟೆ ಗುಡ್ಡ ಕಾಣುತ್ತದೆ. ಅವ್ವನಿಗೆ 62 ವರ್ಷ. ಬಿಪಿ ಮಾತ್ರೆ ಶುರುವಾಗಿ ಎಂಟು ವರ್ಷವಾಯಿತು. ಎಡ ಮೊಣಕಾಲು ನೋವು. ಬೆಳಿಗ್ಗೆ ಆರಕ್ಕೆ ಆಟೊ ಹತ್ತಿ ಯೋಗದ ಕ್ಲಾಸಿಗೆ ಬಾ ಎಂದರೆ ಬರುವವಳಲ್ಲ. ನಾನು ಕ್ಲಾಸಿಗೆ ಹೋಗಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ‘ಅವ್ವನ ಸಲುವಾಗಿ ಒಂದು ಕ್ಲಾಸ್ ರೆಕಾರ್ಡ್ ಮಾಡ್ಕಳ್ಳಾ ಸರ್?’ ಎಂದು ಕೇಳಿದೆ. ‘ಮಾಡ್ಕಳ್ಳಮ್ಮ, ಮನ್ಯಾಗ ಮಾತ್ರ ಇರ್ಲಿ, ಯಾರಿಗೂ ಕಳಿಸ್ಬ್ಯಾಡ’ ಎಂದರು. ಹಿಂದಿನ ಸಾಲಿನ ಕಿಟಕಿಯಲ್ಲಿ ಮೊಬೈಲ್ ಇಟ್ಟು ತೆಗೆದದ್ದು. 52 ನಿಮಿಷದ ವಿಡಿಯೊ.

ಆ ದಿನದ ಮರುದಿನ ನಾನು ಮಾಡಿದ ಮೊದಲ ಕೆಲಸ, ಆಸನ ಮಾಡದೆ ಕುರ್ಚಿಯಲ್ಲಿ ಕೂತು ಅಷ್ಟನ್ನೂ ಕೇಳಿದ್ದು. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದೆ. ಸರ್ ಏನು ಹೇಳಿದರು, ಯಾರಿಗೆ ಹೇಳಿದರು, ಗಡಿಯಾರದಲ್ಲಿ ಎಷ್ಟು ಸೆಕೆಂಡ್ ಆಯಿತು. ನಡುವಿನ ಕಾಲಂ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಕ್ಲಾಸಿನಲ್ಲಿ ಇದ್ದಾಗ ಸರ್ ಯಾರನ್ನು ನೋಡಿ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಮನೆಯಲ್ಲಿ ಕೇಳುವವರಿಗೆ ಎಲ್ಲವೂ ತಮಗೇ ಹೇಳಿದಂತೆ ಕೇಳಿಸುತ್ತದೆ. ತ್ರಿಕೋನಾಸನದಲ್ಲಿ ‘ಇನ್ನೂ ಕೆಳಗ, ಇನ್ನೂ ಕೆಳಗ’ ಎಂದು ಒಂದು ಮಾತಿದೆ. ಅದನ್ನು ಅವರು ಹೇಳಿದ್ದು ಮುಂದಿನ ಸಾಲಿನ ಕಾಲೇಜು ಹುಡುಗನಿಗೆ. ಮೂರು ದಿನ ಅವ್ವ ಅದನ್ನು ಕೇಳಿ ಪಾದ ಮುಟ್ಟಲು ಒದ್ದಾಡಿದ್ದಾಳೆ. ಅವಳ ಕೈ ಮೊಣಕಾಲಿನ ಕೆಳಗೆ ನಿಂತರೆ ಸಾಕಾಗಿತ್ತು.

‘ಹಿಡ್ಕಳ್ರಿ’ ಎಂಬ ಮಾತು ಬಂದಲ್ಲೆಲ್ಲ ಗೀಟು ಹಾಕುತ್ತಾ ಹೋದೆ. ಒಟ್ಟು 23 ಸಲ. ಅದರಲ್ಲಿ ಉಸಿರು ಹಿಡಿಯಿರಿ ಎಂಬ ಅರ್ಥದಲ್ಲಿ ಹೇಳಿದ್ದು ಎರಡೇ ಸಲ, ಎರಡೂ ಕೊನೆಯ ಪ್ರಾಣಾಯಾಮದಲ್ಲಿ. ಉಳಿದ 21 ಸಲವೂ ಆಸನದಲ್ಲಿ ಹಾಗೇ ಇರಿ, ಉಸಿರಾಡುತ್ತಿರಿ ಎಂದೇ ಅರ್ಥ. ಆದರೆ ‘ಉಸಿರು ತಗೊಳ್ತಾ ಮ್ಯಾಲೆ, ಹಂಗೇ ಹಿಡ್ಕಳ್ರಿ’ ಎಂದು ಒಂದೇ ಏಟಿಗೆ ಹೇಳಿದರೆ, ಆಗಷ್ಟೇ ಒಳಗೆ ತೆಗೆದುಕೊಂಡದ್ದು ಉಸಿರಲ್ವಾ? ಹಿಡಿಯುವುದು ಅದನ್ನೇ ಅನ್ನಿಸುತ್ತದೆ. ಹಾಗಾಗಿ ನನ್ನ ಹಾಳೆಯಲ್ಲಿ ಆ ಶಬ್ದವೇ ಇಲ್ಲ. ಅದರ ಜಾಗದಲ್ಲಿ ‘ಇರು, ಉಸಿರಾಡು’ ಎಂದು ಬರೆದಿದ್ದೇನೆ.

ಇದರ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ತುಂಬಿದ ಅಕ್ಕಿ ಮೂಟೆ ಎತ್ತುವಾಗ ನಾವೆಲ್ಲ ಗಂಟಲು ಮುಚ್ಚಿ, ಉಸಿರು ಕಟ್ಟಿ ತಿಣುಕುತ್ತೇವೆ. ಆಗ ಎದೆಯೊಳಗಿನ ಒತ್ತಡ ಏರುತ್ತದೆ, ಅದರ ಜೊತೆ ರಕ್ತದ ಒತ್ತಡವೂ ಒಮ್ಮೆಲೆ ಮೇಲೆ ಹೋಗುತ್ತದೆ. ಉಸಿರು ಬಿಟ್ಟ ಕ್ಷಣ ಅದು ಕೆಳಗೆ ಬೀಳುವುದೂ ಉಂಟು. ಕೆಲವರಿಗೆ ಕಣ್ಣು ಕತ್ತಲೆ ಬರುವುದು ಆಗಲೇ. ಆರೋಗ್ಯವಾಗಿರುವ ಹುಡುಗರಿಗೆ ಇದು ಗೊತ್ತೇ ಆಗುವುದಿಲ್ಲ. ಮೊದಲೇ ಬಿಪಿ ಇದ್ದವರಿಗೆ ಅದು ಬೇಡದ ಏರಿಳಿತ. ಆಸನದಲ್ಲಿ ಸೊಂಟವನ್ನೋ ಕಾಲನ್ನೋ ಎತ್ತಿ ಉಸಿರು ಕಟ್ಟಿದರೂ ಮೂಟೆ ಎತ್ತಿದಾಗ ಆಗುವುದೇ ಆಗುತ್ತದೆ.

ಮೂರನೆಯ ಕಾಲಂ ಸೆಕೆಂಡಿನದು. ಅಲ್ಲೂ ಒಂದು ವಿಷಯ ಸಿಕ್ಕಿತು. ತ್ರಿಕೋನಾಸನದಲ್ಲಿ ಸರ್ ಎರಡೂ ಕಡೆ ಹತ್ತರವರೆಗೆ ಎಣಿಸಿದ್ದಾರೆ. ಬಲಗಡೆ ಆ ಹತ್ತಕ್ಕೆ 24 ಸೆಕೆಂಡ್ ಆಗಿದೆ, ಎಡಗಡೆ 15. ಬಲಗಡೆ ಎಣಿಸುವಾಗ ನಡುವೆ ಒಬ್ಬರ ಭುಜ ಸರಿಮಾಡಲು ಹೋಗಿದ್ದಾರೆ, ಎಣಿಕೆ ನಿಧಾನವಾಗಿದೆ. ಎಡಗಡೆ ಯಾರನ್ನೂ ತಿದ್ದಲಿಲ್ಲ, ಬೇಗ ಮುಗಿದಿದೆ. ಒಂದು ದಿನದ ಕ್ಲಾಸಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ನಾಳೆ ಬೇರೆ ಥರ ಆಗುತ್ತದೆ, ಸರಿಹೋಗುತ್ತದೆ. ಆದರೆ ಅದೇ ವಿಡಿಯೊ ಹಾಕಿಕೊಂಡು ದಿನಾ ಮಾಡಿದರೆ ದಿನಾ ಬಲಗಡೆಯೇ ಜಾಸ್ತಿ ಬಗ್ಗುತ್ತೀರಿ.

ಹಾಗಾದರೆ ಹಾಳೆಯಲ್ಲಿ ಎಷ್ಟು ಸೆಕೆಂಡ್ ಅಂತ ಬರೆಯಲಿ? ಇದಕ್ಕೇ ನಾನು ಎರಡು ದಿನ ತೆಗೆದುಕೊಂಡೆ. ಕೊನೆಗೆ ಸೆಕೆಂಡನ್ನೇ ಬಿಟ್ಟೆ. ಅವ್ವನ ಉಸಿರನ್ನೇ ಅಳತೆ ಮಾಡಿಕೊಂಡೆ.

ಒಂದು ಮಧ್ಯಾಹ್ನ ಅವಳು ಜೋಳ ಹಸನು ಮಾಡುತ್ತಾ ಕೂತಿದ್ದಾಗ, ಅವಳಿಗೆ ಹೇಳದೆ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿದೆ. ಹೇಳಿ ಎಣಿಸಿದರೆ ಉಸಿರು ಬದಲಾಗುತ್ತದೆ, ಯಾರದ್ದೇ ಆಗಲಿ. 15 ಬಂತು. ಅಂದರೆ ಒಂದು ಉಸಿರಿಗೆ ಸುಮಾರು ನಾಲ್ಕು ಸೆಕೆಂಡ್. ಒಳಗೆ ಹೋಗಿ ಹೊರಗೆ ಬಂದರೆ ಒಂದು. ತಾಡಾಸನದಲ್ಲಿ ಕೈ ಮೇಲೆತ್ತಿ ನಿಂತಾಗ ಮತ್ತೆ ನೋಡಿದೆ. ಅಲ್ಲಿ ಒಂದು ಉಸಿರು ಮೂರು ಸೆಕೆಂಡಿಗೇ ಮುಗಿಯುತ್ತಿತ್ತು. ಕೆಲಸ ಹೆಚ್ಚಾದಾಗ ಉಸಿರು ಚುರುಕಾಗುವುದು ಸಹಜ. ಈಗ ಲೆಕ್ಕ ಹಾಕಿ. ‘ಐದು ಉಸಿರು ಇರು’ ಎಂದರೆ ಸುಲಭವಾದ ಆಸನದಲ್ಲಿ ಅವಳು 20 ಸೆಕೆಂಡ್ ಇರುತ್ತಾಳೆ, ಕಷ್ಟವಾದದ್ದರಲ್ಲಿ 15 ಸೆಕೆಂಡಿಗೇ ಇಳಿಯುತ್ತಾಳೆ. ನಿದ್ದೆ ಸರಿಯಾಗದ ದಿನ, ಮೇ ತಿಂಗಳ ಸೆಕೆಯಲ್ಲಿ, ಇನ್ನೂ ಬೇಗ ಇಳಿಯುತ್ತಾಳೆ. ಯಾರೂ ಹೇಳಬೇಕಾಗಿಲ್ಲ. ದೇಹಕ್ಕೆ ಭಾರವಾದಷ್ಟೂ ಹೊತ್ತು ತಾನಾಗಿ ಕಡಿಮೆಯಾಗುತ್ತದೆ. ಗಡಿಯಾರಕ್ಕೆ ಈ ದಯೆ ಇಲ್ಲ.

ಆದರೂ ಒಂದು ತೂತು ಉಳಿದಿತ್ತು. ಉಸಿರು ಕಟ್ಟಿಕೊಂಡೇ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿಬಿಡಬಹುದು. ಅವ್ವ ಹಾಗೆ ಮಾಡಿದಳು ಕೂಡ. ಅದಕ್ಕೆ ಬಾಯಿಬಿಟ್ಟು ಎಣಿಸು ಎಂದೆ. ಉಸಿರು ಬಿಡುವಾಗ ‘ಒಂದೂ...’ ಎಂದು ದನಿ ತೆಗೆದು ಹೇಳಬೇಕು. ತೆಗೆದುಕೊಳ್ಳುವಾಗ ಸುಮ್ಮನಿರಬೇಕು. ಮತ್ತೆ ಬಿಡುವಾಗ ‘ಎರಡೂ...’. ಗಂಟಲು ಮುಚ್ಚಿಕೊಂಡು ಯಾರಿಗೂ ಮಾತಾಡಲು ಬರುವುದಿಲ್ಲ. ದನಿ ಬರುತ್ತಿದ್ದರೆ ಉಸಿರು ಓಡಾಡುತ್ತಿದೆ ಎಂದೇ ಅರ್ಥ. ದನಿ ನಡುಗಿದರೆ ಇನ್ನು ಇಳಿಯುವ ಹೊತ್ತು. ಆಮೇಲೆ ನಾನು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡಿದ್ದರೂ ಅವಳು ಹೇಗಿದ್ದಾಳೆ ಎಂದು ಗೊತ್ತಾಗತೊಡಗಿತು.

ಇನ್ನು ಆಸನಗಳ ಸಾಲು. ಕ್ಲಾಸಿನ ಕ್ರಮ ಎಲ್ಲ ಕಡೆ ಇರುವಂಥದ್ದೇ: ಮೊದಲು ನಿಂತು, ಆಮೇಲೆ ಕೂತು, ಬೋರಲು ಮಲಗಿ, ಅಂಗಾತ ಮಲಗಿ, ಶವಾಸನ, ಕಪಾಲಭಾತಿ, ಪ್ರಾಣಾಯಾಮ. ಜೂನ್ 21ರ ಯೋಗ ದಿನಕ್ಕೆ ಆಯುಷ್ ಸಚಿವಾಲಯದವರು ಮಾಡಿರುವ ಕ್ರಮವೂ ಹೆಚ್ಚು ಕಡಿಮೆ ಹೀಗೇ ಇದೆ. ಆ ಸಾಲನ್ನು ನಾನು ಮುರಿಯಲಿಲ್ಲ, ಅದಕ್ಕೆ ಅರ್ಥ ಇದೆ. ಆದರೆ ಅವ್ವನ ಮೊಣಕಾಲಿನ ಕಡೆಯಿಂದ ಅದನ್ನು ನೋಡಿದೆ. ಅವಳಿಗೆ ಆಸನಕ್ಕಿಂತ ಕಷ್ಟ ನೆಲಕ್ಕೆ ಕೂರುವುದು, ನೆಲದಿಂದ ಏಳುವುದು. ವಿಡಿಯೊದಲ್ಲಿ ನಿಂತು ಮಾಡಿದ ಮೇಲೆ ವಜ್ರಾಸನ, ನಡುವೆ ಎದ್ದು ಚಾಪೆ ತಿರುಗಿಸುವುದು, ಮತ್ತೆ ಮಲಗುವುದು, ಮತ್ತೆ ಎದ್ದು ಕೂರುವುದು ಎಲ್ಲ ಇದೆ. ಹಾಳೆಯಲ್ಲಿ ಅವಳು ಒಂದೇ ಸಲ ಕೆಳಗಿಳಿಯುತ್ತಾಳೆ, ಒಂದೇ ಸಲ ಏಳುತ್ತಾಳೆ.

ಅದು ಹೀಗಾಯಿತು. ಮೊದಲು ತಾಡಾಸನ, ಹಿಮ್ಮಡಿ ಎತ್ತದೆ, ಮೂರು ಉಸಿರು, ಎರಡು ಸಲ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ತ್ರಿಕೋನಾಸನ, ಎರಡೂ ಕಡೆ ಮೂರು ಮೂರು ಉಸಿರು. ವಿಡಿಯೊದಲ್ಲಿದ್ದ ಪಾದಹಸ್ತಾಸನ ಬಿಟ್ಟೆ, ತಲೆ ಕೆಳಗೆ ಹೋಗುವುದು ಬೇಡ ಎಂದು. ವಜ್ರಾಸನದ ಬದಲು ಕೈ ಇಲ್ಲದ ಗಟ್ಟಿ ಕುರ್ಚಿ. ಅದರಲ್ಲೇ ಕೂತು ವಕ್ರಾಸನದ ಹಾಗೆ ಬೆನ್ನು ತಿರುಗಿಸುವುದು, ಒಂದೊಂದು ಕಡೆಗೆ ನಾಲ್ಕು ಉಸಿರು. ತಿರುಗುವುದು ಉಸಿರು ಬಿಡುತ್ತಾ.

ಆಮೇಲೆ ಕುರ್ಚಿ ಹಿಡಿದುಕೊಂಡು ಕೆಳಗೆ. ಬೋರಲು ಮಲಗಿ ಮಕರಾಸನದಲ್ಲಿ ಹತ್ತು ಉಸಿರು, ದಣಿವು ಹೋಗಲಿ ಅಂತ. ಅಲ್ಲಿಂದ ಭುಜಂಗಾಸನ, ಆದರೆ ಮೊಣಕೈ ನೆಲದ ಮೇಲೆ ಊರಿ ಎದೆ ಅಷ್ಟೇ ಎತ್ತುವುದು. ಮೂರು ಉಸಿರು, ಎರಡು ಸಲ. ಶಲಭಾಸನ ತೆಗೆದುಹಾಕಿದೆ. ಎರಡೂ ಕಾಲು ಎತ್ತುವಾಗ ಉಸಿರು ಕಟ್ಟದೆ ಎತ್ತಲು ನನಗೇ ಆಗುವುದಿಲ್ಲ, ಅವಳಿಗೆ ಎಲ್ಲಿ ಆಗಬೇಕು? ಮುಂದೆ ಅಂಗಾತ ತಿರುಗಿ ಒಂದೊಂದೇ ಕಾಲಿನ ಪವನಮುಕ್ತಾಸನ. ಮೊಣಕಾಲಿನ ಮೇಲಲ್ಲ, ತೊಡೆಯ ಹಿಂದೆ ಕೈ ಕಟ್ಟಿ, ಒಂದೊಂದು ಕಡೆಗೆ ನಾಲ್ಕು ಉಸಿರು. ವಿಡಿಯೊದಲ್ಲಿ ಭುಜಂಗಾಸನದ ಬೆನ್ನಿಗೇ ಶಶಾಂಕಾಸನ ಇತ್ತು. ಹಿಂದಕ್ಕೆ ಬಗ್ಗಿದ ಬೆನ್ನನ್ನು ಮುಂದಕ್ಕೆ ಬಗ್ಗಿಸಿ ಸಮಮಾಡಲು ಅದು. ಅವಳ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ಅದೇ ಕೆಲಸವನ್ನು ಪವನಮುಕ್ತಾಸನ ಮಾಡುತ್ತದೆ. ಒಂದು ಆಸನ ತೆಗೆಯುವ ಮೊದಲು ಅದು ಆ ಜಾಗದಲ್ಲಿ ಯಾಕಿತ್ತು ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬೆನ್ನು ಹಿಂದಕ್ಕೆ ಬಗ್ಗುವ ಆಸನಗಳೇ ಸಾಲಾಗಿ ಉಳಿದು ಸೊಂಟ ಹಿಡಿದುಕೊಳ್ಳುತ್ತದೆ.

ಸೇತುಬಂಧಾಸನವನ್ನು ಹೆದರಿ ಬಿಟ್ಟುಬಿಟ್ಟಿದ್ದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಕೊನೆಗೆ ಶವಾಸನ, ತಲೆ ಕೆಳಗೆ ತೆಳ್ಳನೆಯ ದಿಂಬು, ಮೊಣಕಾಲಿನ ಕೆಳಗೆ ಸುತ್ತಿದ ಕೌದಿ. ಇಲ್ಲಿ ಎಣಿಕೆ ಇಲ್ಲ.

ಶವಾಸನದಿಂದ ಏಳುವುದನ್ನು ನಾನು ಒಂದು ಆಸನದ ಹಾಗೆಯೇ ಬರೆದಿದ್ದೇನೆ. ಪಕ್ಕಕ್ಕೆ ಹೊರಳಿ ಐದು ಉಸಿರು. ಕೈ ಊರಿ ಕೂತು ಹತ್ತು ಉಸಿರು. ಅದಾದ ಮೇಲೆ ಕುರ್ಚಿ ಹಿಡಿದು ಏಳುವುದು. ಬಿಪಿ ಮಾತ್ರೆ ತಗೊಳ್ಳುವವರು ಮಲಗಿದ್ದಲ್ಲಿಂದ ತಟ್ಟನೆ ಎದ್ದರೆ ರಕ್ತದ ಒತ್ತಡ ಕುಸಿದು ತಲೆ ತಿರುಗಬಹುದು ಎಂದು ಅವಳ ಡಾಕ್ಟರ್ ಹೇಳಿದ್ದರು. ವಿಡಿಯೊದಲ್ಲಿ ಈ ಭಾಗಕ್ಕೆ ಏಳು ಸೆಕೆಂಡ್ ಇದೆ.

ಎದ್ದು ಕುರ್ಚಿಯಲ್ಲಿ ಕೂತ ಮೇಲೆ ಪ್ರಾಣಾಯಾಮ. ಕಪಾಲಭಾತಿ ಬಿಪಿ ಇರುವವರಿಗೆ ಬೇಡ ಎಂದು ಸರ್ ಮೊದಲೇ ಹೇಳಿದ್ದರು, ತೆಗೆದೆ. ನಾಡಿಶೋಧನದಲ್ಲಿ ಸರ್ ಎಣಿಸುವುದು ನಾಲ್ಕು ತೆಗೆದುಕೊಳ್ಳಲು, ಹದಿನಾರು ಹಿಡಿಯಲು, ಎಂಟು ಬಿಡಲು. ಉಸಿರು ಹಿಡಿಯಿರಿ ಎಂಬ ಅರ್ಥದ ಆ ಎರಡು ‘ಹಿಡ್ಕಳ್ರಿ’ ಬರುವುದು ಇಲ್ಲೇ. ವರ್ಷಗಟ್ಟಲೆ ಮಾಡಿದವರ ಲೆಕ್ಕ ಅದು. ಅವ್ವನಿಗೆ ಹಿಡಿಯುವುದನ್ನೇ ತೆಗೆದು, ನಾಲ್ಕು ಒಳಗೆ, ಆರು ಹೊರಗೆ ಎಂದು ಬರೆದೆ. ಎಡದಿಂದ ತೆಗೆದು ಬಲದಿಂದ ಬಿಟ್ಟು, ಬಲದಿಂದ ತೆಗೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಒಂದು ಎಣಿಕೆ ಒಂದು ಸೆಕೆಂಡ್ ಎಂದರೆ ಸುತ್ತಿಗೆ 20 ಸೆಕೆಂಡ್, ಆರು ಸುತ್ತಿಗೆ ಎರಡು ನಿಮಿಷ. ಆದರೆ ಮೊದಲ ವಾರ ಅವಳಿಗೆ ಆರು ಹೊರಗೆ ಹೋಗಲಿಲ್ಲ. ನಾಲ್ಕನೇ ಎಣಿಕೆಗೇ ಉಸಿರು ಖಾಲಿಯಾಗಿ, ಮುಂದಿನದನ್ನು ಬಾಯಲ್ಲಿ ಗಬಕ್ಕನೆ ಎಳೆದುಕೊಳ್ಳುತ್ತಿದ್ದಳು. ಎಣಿಕೆ ಉದ್ದವಾಗಿದೆ ಎಂದು ತಿಳಿಯಲು ಅಷ್ಟು ಸಾಕು. ಮೂರು ಮೂರಕ್ಕೆ ಇಳಿಸಿದೆ. ಮೂರು ವಾರಕ್ಕೆ ನಾಲ್ಕು ಆರು ತಾನಾಗಿ ಬಂತು.

ಶೀತಲಿಯ ಬಗ್ಗೆ ಒಂದು ಮಾತು. ನಾಲಿಗೆ ಕೊಳವೆ ಮಾಡಿ ಬಾಯಲ್ಲಿ ಉಸಿರು ಎಳೆಯುವ ಪ್ರಾಣಾಯಾಮ ಅದು. ನಮ್ಮೂರಿನ ಸೆಕೆಗೆ ಬಹಳ ಹಿತ, ಅವ್ವನಿಗೂ ಇಷ್ಟ. ಆದರೆ ಮೂಗು ಸೋಸುವ ಧೂಳನ್ನು ಬಾಯಿ ಸೋಸುವುದಿಲ್ಲ. ನಮ್ಮ ಮಾಳಿಗೆಯಲ್ಲಿ ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು ಛಾಯೆಗೆ ತಿರುಗುವ ದಿನಗಳಿವೆ. ಅಂಥ ಗಾಳಿಯಲ್ಲಿ ಶೀತಲಿ ಬೇಡ. ಕಿಟಕಿ ಹಾಕಿದ ಕೋಣೆಯಲ್ಲಿ, ನೆಗಡಿ ಕೆಮ್ಮು ಇಲ್ಲದ ದಿನ ಮಾತ್ರ ಎಂದು ಬರೆದಿದ್ದೇನೆ. ಹಾಗೆಯೇ ಬಂಡೆ ಹಾಸಿದ ನೆಲದ ಮೇಲೆ ಸಣ್ಣ ಧೂಳಿದ್ದರೂ ಯೋಗದ ಮ್ಯಾಟ್ ಜಾರುತ್ತದೆ. ತ್ರಿಕೋನಾಸನಕ್ಕೆ ಕಾಲು ಅಗಲಿಸಿದಾಗ ನನ್ನದೇ ಒಂದು ಸಲ ಜಾರಿತು. ಅದಕ್ಕೇ ಹಾಳೆಯ ಮೊದಲ ಸಾಲು ‘ಒದ್ದೆ ಬಟ್ಟೆಯಿಂದ ನೆಲ ಒರೆಸು, ಒಣಗಲಿ.’

ಎಚ್ಚರಿಕೆಗಳನ್ನು ಎಲ್ಲಿ ಬರೆಯಬೇಕು ಎಂಬುದರಲ್ಲೂ ನಾನು ಮೊದಲು ತಪ್ಪು ಮಾಡಿದ್ದೆ. ವಿಡಿಯೊದ ಶುರುವಿನಲ್ಲಿ ಸರ್ ‘ಬಿಪಿ ಇದ್ದೋರು, ಹರ್ನಿಯಾ ಇದ್ದೋರು, ಬೆನ್ನಿನ ಡಿಸ್ಕ್ ತೊಂದರೆ ಇದ್ದೋರು ನೋಡ್ಕಂಡು ಮಾಡ್ರಿ’ ಎಂದು ಒಂದೇ ಉಸಿರಿಗೆ ಹೇಳಿದ್ದಾರೆ. ನಾನೂ ಹಾಗೇ ಹಾಳೆಯ ತುದಿಯಲ್ಲಿ ಒಟ್ಟಿಗೆ ಬರೆದೆ. ಅವ್ವ ಅಲ್ಲಿಗೆ ಕಣ್ಣೇ ಹಾಯಿಸಲಿಲ್ಲ. ಎರಡನೇ ಹಾಳೆಯಲ್ಲಿ ಎಚ್ಚರಿಕೆಯನ್ನು ಆಯಾ ಆಸನದ ಪಕ್ಕದಲ್ಲೇ, ಕೆಂಪು ಪೆನ್ನಿನಲ್ಲಿ, ನಾಲ್ಕೈದು ಶಬ್ದದಲ್ಲಿ ಬರೆದೆ. ‘ಮೊಣಕಾಲು ಚುಚ್ಚಿದರೆ ಬಿಡು.’ ಎಲ್ಲಕ್ಕೂ ಮೇಲೆ ಒಂದೇ ಸಾಲು: ‘ಎದೆ ಹಿಡಿದರೆ, ತಲೆ ತಿರುಗಿದರೆ, ಕಣ್ಣು ಮಂಜಾದರೆ ನಿಲ್ಲಿಸಿ ನನ್ನ ಕರೆ.’ ಹಾಗಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ಹಾಳೆ ಮುಗಿದ ಮೇಲೆ ಸರ್‌ಗೆ ತೋರಿಸಲು ಒಯ್ದೆ. ಅವರು ಮೊದಲ ಸಾಲು ನೋಡಿಯೇ ಕೇಳಿದರು, ‘ಕೀಲು ಸಡಿಲ ಮಾಡೋದು ಎಲ್ಲಿ ಹೋತಮ್ಮ?’ ನನಗೆ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಅವತ್ತು ನಾನು ಮೊಬೈಲ್ ಇಡಲು ಜಾಗ ಹುಡುಕುವಷ್ಟರಲ್ಲಿ ಕತ್ತು, ಭುಜ, ಸೊಂಟ, ಮೊಣಕಾಲು ಸಡಿಲ ಮಾಡುವ ಎಂಟು ನಿಮಿಷ ಮುಗಿದುಹೋಗಿತ್ತು. ವಿಡಿಯೊದಲ್ಲಿ ಅದು ಇಲ್ಲವೇ ಇಲ್ಲ. ನನ್ನ ಮೈಗೆ ದಿನದ ರೂಢಿಯಿಂದ ಅದು ಗೊತ್ತಿತ್ತು, ಹಾಳೆಗೆ ಬರಲಿಲ್ಲ. ಅವ್ವ ಅಷ್ಟು ದಿನ ರಾತ್ರಿಯಿಡೀ ಬಿಗಿದ ಮೊಣಕಾಲನ್ನು ನೇರ ಆಸನಕ್ಕೇ ಒಡ್ಡುತ್ತಿದ್ದಳು. ಮೊದಲ ವಾರ ಅವಳ ನೋವು ಜಾಸ್ತಿಯಾಗಿದ್ದಕ್ಕೆ ಇದೇ ಕಾರಣ ಇರಬೇಕು. ಕುರ್ಚಿಯಲ್ಲಿ ಕೂತು ಕಾಲು ಚಾಚಿ ಮಡಿಸುವುದು, ಪಾದ ಸುತ್ತಿಸುವುದು, ಭುಜ ತಿರುಗಿಸುವುದು, ಎಲ್ಲ ಐದೈದು ಸಲ ಎಂದು ಅವರೇ ಬರೆದುಕೊಟ್ಟರು.

ಸೇತುಬಂಧಾಸನದ ಬಗ್ಗೆಯೂ ಕೇಳಿದೆ. ‘ಉಸಿರು ತಗೊಳ್ತಾ ಎತ್ತೋದನ್ನ ಬಿಡ್ರಿ. ಅವ್ವಾರು ಉಸಿರು ಬಿಡ್ತಾ ಎತ್ಲಿ’ ಎಂದರು. ಹೊರಗೆ ಹೋಗುತ್ತಿರುವ ಉಸಿರನ್ನು ಹಿಡಿದಿಡುವುದು ಕಷ್ಟ. ಸೊಂಟ ಒಂದು ಗೇಣು ಎತ್ತಿದರೆ ಸಾಕು, ಎರಡು ಉಸಿರಿಗೆ ಇಳಿಸಲಿ, ಅದೂ ಡಾಕ್ಟರ್ ಹ್ಞೂಂ ಅಂದ ಮೇಲೆ ಎಂದರು. ಡಾಕ್ಟರ್ ಒಪ್ಪಿದರು. ಅದನ್ನು ಪವನಮುಕ್ತಾಸನದ ಮುಂಚೆ ಸೇರಿಸಿದೆ. ಈಗ ಎಲ್ಲ ಸೇರಿ 28 ನಿಮಿಷ ಆಗುತ್ತದೆ.

ಪಕ್ಕದ ಮನೆಯ ಅಕ್ಕ ಈ ಹಾಳೆಯ ಜೆರಾಕ್ಸ್ ಕೇಳಿದರು. ಕೊಡಲಿಲ್ಲ. ಅವರಿಗೆ ಗರ್ಭಕೋಶದ ಆಪರೇಷನ್ ಆಗಿ ಎರಡು ತಿಂಗಳಾಗಿದೆ. ಒಳಗಿನ ಗಾಯ ಪೂರ್ತಿ ಮಾಗಿದೆಯೋ ಇಲ್ಲವೋ ತಿಳಿಯದೆ ಬೋರಲು ಮಲಗಿ ಭುಜಂಗಾಸನ ಮಾಡಿದರೆ ಏನು ಗತಿ? ಅವ್ವನಿಗೆ ಎಲ್ಲಕ್ಕಿಂತ ಹಿತವಾದ ಆಸನವೇ ಅವರಿಗೆ ಬೇಡದ್ದು. ಮುಂದಿನ ಭಾನುವಾರ ಅವರನ್ನೇ ಸರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಡಾಕ್ಟರ್ ಚೀಟಿಯನ್ನೂ ತರಲು ಹೇಳಿದ್ದೇನೆ.

ಹಾಳೆ ಈಗ ಪಡಸಾಲೆಯ ಬಾಗಿಲ ಹಿಂದೆ ಅಂಟಿಸಿದೆ. ಅವ್ವ ಬೆಳಿಗ್ಗೆ ಆರಕ್ಕೆ ಶುರುಮಾಡುತ್ತಾಳೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟಿಗೆ ನೀರು ಕಾಯಲು ಇಟ್ಟಿರುತ್ತೇನೆ. ‘ಒಂದೂ... ಎರಡೂ...’ ಎಂದು ಅವಳ ದನಿ ಕೇಳುತ್ತಿರುತ್ತದೆ. ನಿನ್ನೆ ಎರಡಕ್ಕೇ ನಿಂತಿತು. ಓಡಿ ಬಂದು ನೋಡಿದರೆ ಮಕರಾಸನದಲ್ಲಿ ಹಾಗೇ ನಿದ್ದೆ ಹೋಗಿದ್ದಳು.